ಒಂದೇ ಡ್ಯಾಶ್‌ಬೋರ್ಡ್, ಪ್ರತಿ ಶಾಖೆಗೂ ಅದರದೇ ಅಂಕಿಗಳು: ಮುಂದಿನ ಸೋಮವಾರದಿಂದ ಆಗುವ ಬದಲಾವಣೆ

ಆತ್ಮೀಯ ಗ್ರಾಹಕರಿಗೆ,

ನಮಸ್ಕಾರ.

ಮುಂದಿನ ಸೋಮವಾರದಿಂದ ನಾವು ಶಾಖೆಗೊಂದು ವರದಿ ಫೈಲ್ ಕಳಿಸುವುದಿಲ್ಲ. ಅದರ ಬದಲು ಪವರ್ ಬಿಐನಲ್ಲಿ, ನಿಮ್ಮ ಕಂಪನಿಯ ವರ್ಕ್‌ಸ್ಪೇಸ್‌ನಲ್ಲೇ, ಒಂದೇ ಡ್ಯಾಶ್‌ಬೋರ್ಡ್ ಇರುತ್ತದೆ. ಎಲ್ಲ ಮ್ಯಾನೇಜರ್‌ಗಳೂ ಅದೇ ಲಿಂಕ್ ತೆರೆಯುತ್ತಾರೆ. ಆದರೆ ಪ್ರತಿಯೊಬ್ಬರಿಗೂ ಕಾಣುವುದು ಅವರ ಶಾಖೆಯ ಅಂಕಿಗಳು ಮಾತ್ರ. ಮುಖ್ಯ ಕಚೇರಿಯವರಿಗೆ ಎಲ್ಲ ಶಾಖೆಗಳೂ ಕಾಣುತ್ತವೆ.

ಇದಕ್ಕೆ ಕಾರಣ ನಮ್ಮದೇ ಒಂದು ತಪ್ಪು. ಕೆಲವು ತಿಂಗಳ ಹಿಂದೆ ಒಂದು ಶಾಖೆಯ ಫೈಲನ್ನು ಇನ್ನೊಂದು ಶಾಖೆಯ ಮ್ಯಾನೇಜರ್‌ಗೆ ಕಳಿಸಿಬಿಟ್ಟೆವು. ಆ ಗ್ರಾಹಕರ ಬಳಿ ಆಗಲೇ ಕ್ಷಮೆ ಕೇಳಿದ್ದೇವೆ. ಆಮೇಲೆ ಕೂತು ಯೋಚಿಸಿದಾಗ ಒಂದು ವಿಷಯ ಸ್ಪಷ್ಟವಾಯಿತು. 12 ಶಾಖೆಗೆ 12 ಫೈಲ್ ಇರುವ ತನಕ ಇಂಥ ತಪ್ಪು ಮತ್ತೆ ಆಗೇ ಆಗುತ್ತದೆ. ಒಂದು ಲೆಕ್ಕ ತಿದ್ದಬೇಕಾದರೂ 12 ಕಡೆ ತಿದ್ದಬೇಕು, ಒಂದು ಕಡೆ ಮರೆತರೆ ಎರಡು ಶಾಖೆಗಳ ವರದಿ ಬೇರೆ ಬೇರೆ ಲೆಕ್ಕ ತೋರಿಸುತ್ತದೆ.

ಹೊಸ ವ್ಯವಸ್ಥೆಗೆ ರೋ-ಲೆವೆಲ್ ಸೆಕ್ಯುರಿಟಿ ಎನ್ನುತ್ತಾರೆ. ಅಂದರೆ ಡೇಟಾದ ಪ್ರತಿ ಸಾಲನ್ನೂ ಯಾರು ನೋಡಬಹುದು ಎಂದು ಡೇಟಾ ಇರುವ ಜಾಗದಲ್ಲೇ ತೀರ್ಮಾನಿಸುವುದು. ಡ್ಯಾಶ್‌ಬೋರ್ಡ್‌ನ ಮೇಲೆ ಶಾಖೆ ಆರಿಸುವ ಫಿಲ್ಟರ್ ಇರುತ್ತದಲ್ವಾ, ಇದು ಅದಲ್ಲ. ಆ ಫಿಲ್ಟರನ್ನು ಯಾರು ಬೇಕಾದರೂ ಬದಲಾಯಿಸಬಹುದು. ಇಲ್ಲಿ ಬೇರೆ ಶಾಖೆಯ ಸಾಲುಗಳು ಮ್ಯಾನೇಜರ್‌ವರೆಗೆ ಬರುವುದೇ ಇಲ್ಲ.

ಇದೆಲ್ಲ ನಿಂತಿರುವುದು ಒಂದು ಚಿಕ್ಕ ಪಟ್ಟಿಯ ಮೇಲೆ. ಅದರಲ್ಲಿ ಎರಡೇ ಕಾಲಮ್: ಮ್ಯಾನೇಜರ್ ಲಾಗಿನ್ ಆಗುವ ಇಮೇಲ್, ಮತ್ತು ಅವರ ಶಾಖೆಯ ಕೋಡ್. ಒಬ್ಬರು ಎರಡು ಶಾಖೆ ನೋಡಿಕೊಳ್ಳುತ್ತಿದ್ದರೆ ಅವರ ಹೆಸರಿನಲ್ಲಿ ಎರಡು ಸಾಲು. ಯಾರು ಲಾಗಿನ್ ಆಗಿದ್ದಾರೆ ಎಂದು ಪವರ್ ಬಿಐಗೆ ಗೊತ್ತಿರುತ್ತದೆ. ಅದು ಆ ಇಮೇಲನ್ನು ಪಟ್ಟಿಯಲ್ಲಿ ಹುಡುಕಿ, ಸಿಕ್ಕ ಕೋಡ್‌ಗಳ ಸಾಲುಗಳನ್ನು ಮಾತ್ರ ಬಿಡುತ್ತದೆ. ನಿಮ್ಮಲ್ಲಿ ತಾಂತ್ರಿಕ ಕೆಲಸ ನೋಡಿಕೊಳ್ಳುವವರು ಕೇಳುತ್ತಾರೆಂದು, ಶಾಖೆಗಳ ಟೇಬಲ್ ಮೇಲೆ ನಾವು ಬರೆದ ನಿಯಮ ಇಲ್ಲಿದೆ:

```
Branch[BranchCode] IN
CALCULATETABLE (
    VALUES ( UserBranch[BranchCode] ),
    UserBranch[Email] = USERPRINCIPALNAME ()
)
```

ಈ ಪಟ್ಟಿಯೂ ಮ್ಯಾನೇಜರ್‌ಗಳಿಗೆ ಕಾಣುವುದಿಲ್ಲ. ಆ ಟೇಬಲ್‌ಗೆ `FALSE()` ಎಂಬ ನಿಯಮ ಹಾಕಿದ್ದೇವೆ.

ಇನ್ನು ನೀವು ಗಮನಿಸಲೇಬೇಕಾದ ವಿಷಯ. ನಮಗೆ ಜಾಸ್ತಿ ದಿನ ಹಿಡಿದದ್ದೂ ಇದಕ್ಕೇ. ಹಳೆಯ ವರದಿಯಲ್ಲಿ "ಕಂಪನಿಯ ಒಟ್ಟು ಆರ್ಡರ್‌ಗಳಲ್ಲಿ ನಿಮ್ಮ ಪಾಲು" ಎಂಬ ಅಂಕಿ ಇತ್ತು. ಮ್ಯಾನೇಜರ್‌ಗಳು ಮೊದಲು ನೋಡುವುದು ಅದನ್ನೇ. 12 ಶಾಖೆಗಳಿರುವ ಒಬ್ಬ ಗ್ರಾಹಕರ ಒಪ್ಪಿಗೆ ಪಡೆದು ಹೊಸ ಡ್ಯಾಶ್‌ಬೋರ್ಡನ್ನು ಅವರಲ್ಲಿ ಪರೀಕ್ಷಿಸಿದೆವು. ಆ ತಿಂಗಳು ಕಂಪನಿಯ ಒಟ್ಟು ಆರ್ಡರ್ 9,600. 7ನೇ ಶಾಖೆಯದು 1,200. ಹಾಗಾದರೆ ಪಾಲು 12.5% ಬರಬೇಕು. ಮ್ಯಾನೇಜರ್ ತೆರೆದಾಗ ಬಂದದ್ದು 100%. ಉಳಿದ 11 ಮ್ಯಾನೇಜರ್‌ಗಳಿಗೂ 100%. ಶ್ರೇಯಾಂಕದ ಕಾರ್ಡ್‌ನಲ್ಲಿ ಎಲ್ಲರೂ ಮೊದಲನೆಯವರು.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಮ್ಯಾನೇಜರ್ ಪಾಲಿಗೆ ಬೇರೆ ಶಾಖೆಗಳ ಸಾಲುಗಳು ಇಲ್ಲವೇ ಇಲ್ಲ. ಹಾಗಾಗಿ 1,200ನ್ನು 1,200ರಿಂದಲೇ ಭಾಗಿಸಿದಂತಾಯಿತು. ಸೂತ್ರದಲ್ಲಿ "ಎಲ್ಲ ಶಾಖೆಗಳನ್ನೂ ಸೇರಿಸು" ಎಂದು `ALL` ಹಾಕಿದರೂ ಪ್ರಯೋಜನವಿಲ್ಲ. ಪರದೆಯ ಮೇಲಿನ ಫಿಲ್ಟರನ್ನು ಅದು ತೆಗೆಯಬಲ್ಲದು, ಭದ್ರತೆಯ ಫಿಲ್ಟರನ್ನು ತೆಗೆಯಲಾರದು. ತೆಗೆಯುವಂತಿದ್ದರೆ ಅದು ಭದ್ರತೆಯೇ ಆಗುತ್ತಿರಲಿಲ್ಲ.

ಇದಕ್ಕೆ ನಾವು ಮಾಡಿದ ಪರಿಹಾರ ಹೀಗಿದೆ. ಪ್ರತಿ ಸಲ ಡೇಟಾ ರಿಫ್ರೆಶ್ ಆಗುವಾಗ ತಿಂಗಳುವಾರು ಕಂಪನಿಯ ಒಟ್ಟು ಮೊತ್ತವನ್ನು ಬೇರೆಯೇ ಒಂದು ಚಿಕ್ಕ ಟೇಬಲ್‌ನಲ್ಲಿ ಬರೆದಿಡುತ್ತೇವೆ. ಅದರಲ್ಲಿ ಶಾಖೆಯ ಕಾಲಮ್ ಇಲ್ಲ, ಶಾಖೆಗಳ ಟೇಬಲ್‌ಗೆ ಸಂಬಂಧವೂ ಇಲ್ಲ. ಆದ್ದರಿಂದ ಶಾಖೆಯ ನಿಯಮ ಅದನ್ನು ಮುಟ್ಟುವುದಿಲ್ಲ. 7ನೇ ಶಾಖೆಯವರು ಈಗ ತಮ್ಮ 1,200, ಕಂಪನಿಯ 9,600, ತಮ್ಮ ಪಾಲು 12.5% ಇಷ್ಟನ್ನೂ ನೋಡುತ್ತಾರೆ. ಇನ್ನೊಂದು ಶಾಖೆ ಎಷ್ಟು ಮಾಡಿತು ಎಂಬುದು ಅವರಿಗೆ ತಿಳಿಯುವುದಿಲ್ಲ. ಶ್ರೇಯಾಂಕವನ್ನೂ ಹೀಗೇ ರಿಫ್ರೆಶ್ ಆಗುವಾಗಲೇ ಲೆಕ್ಕ ಹಾಕಿ ಇಡುತ್ತೇವೆ.

ಇದಕ್ಕೆ ಎರಡು ಮಿತಿಗಳಿವೆ. ಈ ಒಟ್ಟು ಮೊತ್ತ ಬರೀ ತಿಂಗಳ ಮಟ್ಟದ್ದು. ನೀವು ಒಂದೇ ಉತ್ಪನ್ನವನ್ನು ಆರಿಸಿಕೊಂಡರೆ ಪಾಲಿನ ಅಂಕಿ ಖಾಲಿ ಕಾಣುವಂತೆ ಮಾಡಿದ್ದೇವೆ. ತಪ್ಪು ಅಂಕಿ ತೋರಿಸುವುದಕ್ಕಿಂತ ಖಾಲಿ ಬಿಡುವುದೇ ಸರಿ ಅನ್ನಿಸಿತು. ಎರಡನೆಯದು, ನಿಮಗೆ ಇರುವುದು ಎರಡೇ ಶಾಖೆಯಾದರೆ ಒಟ್ಟು ಮೊತ್ತ ತೋರಿಸುವುದೂ ಒಂದೇ, ಪಕ್ಕದ ಶಾಖೆಯ ಅಂಕಿ ಹೇಳುವುದೂ ಒಂದೇ. ಒಂದು ಕಳೆಯುವ ಲೆಕ್ಕ ಸಾಕು. ಎರಡು ಶಾಖೆಗಳಿರುವ ಗ್ರಾಹಕರಿಗೆ ಮ್ಯಾನೇಜರ್ ಪುಟದಿಂದ ಪಾಲನ್ನೂ ಶ್ರೇಯಾಂಕವನ್ನೂ ತೆಗೆದಿದ್ದೇವೆ. ನಿಮಗೆ ಇದು ಬೇಕೇ ಬೇಕು ಎಂದಾದರೆ ತಿಳಿಸಿ. ಆದರೆ ಗೊತ್ತಿದ್ದೇ ತೀರ್ಮಾನ ಮಾಡಿ.

ಪರೀಕ್ಷೆ ಮಾಡಿದ ರೀತಿಯನ್ನೂ ಹೇಳಬೇಕು. `View as` ಎಂಬ ಸೌಲಭ್ಯದಲ್ಲಿ ಒಬ್ಬೊಬ್ಬ ಮ್ಯಾನೇಜರ್ ಇಮೇಲ್ ಹಾಕಿ, ಅವರಿಗೆ ಕಾಣುವುದನ್ನೇ ನಾವೂ ನೋಡಿ, 12 ಒಟ್ಟುಗಳನ್ನು ಕೂಡಿದೆವು. ಬಂದದ್ದು 9,586. ಮುಖ್ಯ ಕಚೇರಿಯಲ್ಲಿ 9,600. ಹುಡುಕಿದಾಗ 14 ಆರ್ಡರ್‌ಗಳಿಗೆ ಶಾಖೆಯ ಕೋಡ್ ನಮೂದಾಗಿರಲಿಲ್ಲ. ಅವು ಯಾವ ಮ್ಯಾನೇಜರ್‌ಗೂ ಕಾಣುತ್ತಿರಲಿಲ್ಲ. ಕೋಡ್ ತುಂಬಿಸಿದ ಮೇಲೆ ಲೆಕ್ಕ ಕೂಡಿತು. ಇನ್ನು ಮುಂದೆ ಕೋಡ್ ಇಲ್ಲದ ಸಾಲುಗಳ ಎಣಿಕೆ ಮುಖ್ಯ ಕಚೇರಿಯ ಪುಟದಲ್ಲೇ ಇರುತ್ತದೆ. ಅದು ಸೊನ್ನೆ ಇರಬೇಕು.

ಸೋಮವಾರ ಏನಾದರೂ ಸರಿಯಿಲ್ಲ ಅನ್ನಿಸಿದರೆ, ಕಾಣುವುದರಿಂದಲೇ ಕಾರಣ ಬಹುಮಟ್ಟಿಗೆ ತಿಳಿಯುತ್ತದೆ. ಪುಟ ತೆರೆದಿದೆ, ಆದರೆ ಎಲ್ಲವೂ ಖಾಲಿ ಎಂದರೆ ಪಟ್ಟಿಯಲ್ಲಿ ಆ ಇಮೇಲ್ ಇಲ್ಲ ಅಥವಾ ತಪ್ಪಾಗಿ ಬರೆದಿದೆ. ಲಾಗಿನ್ ಆಗುವ ವಿಳಾಸವೇ ಒಂದು, ಕೆಲಸಕ್ಕೆ ಬಳಸುವ ಇಮೇಲೇ ಇನ್ನೊಂದು ಆಗಿರುವುದು ಸಾಮಾನ್ಯ. ಪಟ್ಟಿಗೆ ಬೇಕಾದದ್ದು ಲಾಗಿನ್ ವಿಳಾಸ. ಚಾರ್ಟ್‌ಗಳ ಜಾಗದಲ್ಲಿ ಡೇಟಾ ತೆರೆಯಲಾಗಲಿಲ್ಲ ಎಂಬ ಸಂದೇಶ ಬಂದರೆ ಅವರನ್ನು ಮ್ಯಾನೇಜರ್ ರೋಲ್‌ಗೇ, ಅಂದರೆ ಶಾಖೆಯ ನಿಯಮ ಅನ್ವಯಿಸುವವರ ಗುಂಪಿಗೇ, ಸೇರಿಸಿಲ್ಲ. ಈ ಎರಡರಲ್ಲೂ ಅಂಕಿ ಸೋರಿಲ್ಲ, ಸುಮ್ನೆ ನಮಗೊಂದು ಫೋನ್ ಮಾಡಿ.

ಮ್ಯಾನೇಜರ್‌ಗೆ ಎಲ್ಲ ಶಾಖೆಗಳೂ ಕಂಡರೆ ಮಾತ್ರ ತಡಮಾಡಬೇಡಿ. ಬಹುತೇಕ ಸಲ ಇದಕ್ಕೆ ಕಾರಣ ವರ್ಕ್‌ಸ್ಪೇಸ್‌ನಲ್ಲಿ ಕೊಟ್ಟ ಅಧಿಕಾರ. ಈ ನಿಯಮ ಅನ್ವಯಿಸುವುದು `Viewer` ಆಗಿರುವವರಿಗೆ. `Contributor`, `Member`, `Admin` ಆಗಿರುವವರು ವರದಿಯನ್ನು ತಿದ್ದಬಲ್ಲವರು, ಅವರಿಗೆ ನಿಯಮ ಲೆಕ್ಕಕ್ಕೇ ಇಲ್ಲ. ಯಾರೋ "ಒಂದು ಚಾರ್ಟ್ ಬದಲಾಯಿಸಬೇಕು" ಎಂದಾಗ ಒಳ್ಳೆಯ ಮನಸ್ಸಿನಿಂದ `Contributor` ಮಾಡಿಬಿಡುತ್ತಾರೆ, ಆ ಕ್ಷಣದಿಂದ ಎಲ್ಲವೂ ಕಾಣುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಚಾರ್ಟ್ ನಾವು ಬದಲಾಯಿಸಿಕೊಡುತ್ತೇವೆ. ಇನ್ನೊಂದು ಕಾರಣ, ಒಬ್ಬರನ್ನೇ ಎರಡು ರೋಲ್‌ಗಳಿಗೆ ಸೇರಿಸಿರುವುದು. ಮುಖ್ಯ ಕಚೇರಿಯ ರೋಲ್‌ನಲ್ಲೂ ಮ್ಯಾನೇಜರ್ ರೋಲ್‌ನಲ್ಲೂ ಇದ್ದವರಿಗೆ ಎರಡೂ ಕೂಡಿ ಎಲ್ಲವೂ ತೆರೆಯುತ್ತದೆ.

ಇಮೇಲ್‌ನಲ್ಲಿ ತಾನಾಗಿ ಬರುವ ವರದಿಯ ಚಿತ್ರಗಳ ಬಗ್ಗೆ ವಿಶೇಷವಾಗಿ ಹೇಳುತ್ತೇವೆ. ಆ ಸಬ್‌ಸ್ಕ್ರಿಪ್ಷನ್ ಯಾರು ಮಾಡಿದ್ದಾರೋ ಅವರ ಕಣ್ಣಿಗೆ ಕಾಣುವುದೇ ಚಿತ್ರವಾಗಿ ಎಲ್ಲರಿಗೂ ಹೋಗುತ್ತದೆ. ಮುಖ್ಯ ಕಚೇರಿಯವರು ತಾವೇ ಒಂದು ಸಬ್‌ಸ್ಕ್ರಿಪ್ಷನ್ ಮಾಡಿ 12 ಮ್ಯಾನೇಜರ್‌ಗಳನ್ನು ಸೇರಿಸಿದರೆ 12 ಜನಕ್ಕೂ ಇಡೀ ಕಂಪನಿಯ ಅಂಕಿಗಳು ತಲುಪುತ್ತವೆ. ಹಳೆಯ ಸಬ್‌ಸ್ಕ್ರಿಪ್ಷನ್‌ಗಳನ್ನು ಭಾನುವಾರ ನಾವು ತೆಗೆಯುತ್ತೇವೆ. ಬೇಕಾದ ಮ್ಯಾನೇಜರ್‌ಗಳು ಸೋಮವಾರ ತಮ್ಮ ಲಾಗಿನ್‌ನಿಂದಲೇ ಹೊಸದಾಗಿ ಮಾಡಿಕೊಳ್ಳಲಿ. ಮುಖ್ಯ ಕಚೇರಿಯವರು ಎಕ್ಸೆಲ್ ಅಥವಾ ಪಿಡಿಎಫ್ ಮಾಡಿ ಇಳಿಸಿಕೊಂಡ ಪ್ರತಿಗೂ ಈ ಕಾವಲು ಇರುವುದಿಲ್ಲ. ಅದು ಯಾರ ಕೈಗೆ ಹೋಗುತ್ತದೆ ಎಂಬುದನ್ನು ನೀವೇ ನೋಡಿಕೊಳ್ಳಬೇಕು.

ಡೇಟಾ ದಿನಕ್ಕೆ ನಾಲ್ಕು ಸಲ ರಿಫ್ರೆಶ್ ಆಗುತ್ತದೆ: ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6. ಇಮೇಲ್ ಪಟ್ಟಿಯೂ ಅದರ ಜೊತೆಗೇ ಹೊಸದಾಗುತ್ತದೆ. ಬೆಳಗ್ಗೆ 11ಕ್ಕೆ ಒಬ್ಬರ ವರ್ಗಾವಣೆಯನ್ನು ಪಟ್ಟಿಯಲ್ಲಿ ಬರೆದರೆ, 2 ಗಂಟೆಯ ರಿಫ್ರೆಶ್ ಮುಗಿಯುವ ತನಕ ಅವರಿಗೆ ಹಳೆಯ ಶಾಖೆಯೇ ಕಾಣುತ್ತದೆ. ಅಷ್ಟು ಹೊತ್ತು ಕಾಯುವಂತಿಲ್ಲ ಎಂದರೆ ಮುಖ್ಯ ಕಚೇರಿಯವರು ಕೈಯಿಂದ ರಿಫ್ರೆಶ್ ಮಾಡಬಹುದು. ಕೆಲಸ ಬಿಟ್ಟು ಹೋಗುವವರ ವಿಷಯದಲ್ಲಿ ಪಟ್ಟಿಯನ್ನು ನಂಬಿಕೊಳ್ಳಬೇಡಿ, ಮೊದಲು ಅವರ ಲಾಗಿನ್ ನಿಲ್ಲಿಸಿ.

ವರ್ಗಾವಣೆಯಾದವರಿಗೆ ಹೊಸ ಶಾಖೆಯ ಹಿಂದಿನ ತಿಂಗಳುಗಳೂ ಕಾಣುತ್ತವೆ, ತಾವೇ ನಡೆಸಿದ ಹಳೆಯ ಶಾಖೆಯ ಅಂಕಿಗಳು ಕಾಣುವುದಿಲ್ಲ. ಕೆಲವರಿಗೆ ಇದು ಬೇಸರ ತರಬಹುದು, ವಾರ್ಷಿಕ ಮೌಲ್ಯಮಾಪನದ ಹೊತ್ತಿಗಂತೂ ಖಂಡಿತ. ತಾರೀಕಿನ ಪ್ರಕಾರ ಒಬ್ಬರಿಗೆ ಒಂದೊಂದು ಅವಧಿ ತೋರಿಸುವುದು ಸಾಧ್ಯ. ಆದರೆ ಪಟ್ಟಿ ಜಟಿಲವಾಗುತ್ತದೆ, ತಪ್ಪು ನುಸುಳುವ ಜಾಗವೂ ಹೆಚ್ಚುತ್ತದೆ. ಸದ್ಯಕ್ಕೆ ಸರಳವಾಗಿಯೇ ಇಟ್ಟಿದ್ದೇವೆ. ಹಳೆಯ ಅಂಕಿ ಬೇಕಾದವರು ಮುಖ್ಯ ಕಚೇರಿಯಲ್ಲಿ ಕೇಳಿ ಪಡೆಯಲಿ.

ಈ ಪತ್ರದ ಜೊತೆಗೆ ನಿಮ್ಮ ಕಂಪನಿಯ ಪಟ್ಟಿ ಇದೆ. ಪ್ರತಿ ಸಾಲನ್ನೂ ನೋಡಿ, ಲಾಗಿನ್ ವಿಳಾಸ ಮತ್ತು ಶಾಖೆ ಕೋಡ್ ಸರಿಯಿದೆಯೇ ಎಂದು ಶುಕ್ರವಾರ ಸಂಜೆಯೊಳಗೆ ತಿಳಿಸಿ. ಮುಂದೆ ಈ ಪಟ್ಟಿಯನ್ನು ತಿದ್ದುವ ಅಧಿಕಾರ ಇರುವ ಒಬ್ಬರ ಹೆಸರನ್ನೂ ಕೊಡಿ. ಶನಿವಾರ ನಾವು ನಿಮ್ಮ ಪ್ರತಿ ಮ್ಯಾನೇಜರ್ ಹೆಸರಿನಲ್ಲೂ ಪರೀಕ್ಷಿಸಿ, ಶಾಖೆಗಳ ಮೊತ್ತ ಕೂಡಿಸಿ, ಫಲಿತಾಂಶವನ್ನು ನಿಮಗೆ ಕಳಿಸುತ್ತೇವೆ. ಮೊತ್ತ ಕೂಡದ ಕಂಪನಿಗೆ ಸೋಮವಾರ ಹೊಸದನ್ನು ತೆರೆಯುವುದಿಲ್ಲ. ಸರಿಯಾಗುವ ತನಕ ಹಳೆಯ ಫೈಲ್‌ಗಳೇ ಬರುತ್ತವೆ.

ಇಂತಿ ನಿಮ್ಮ ವಿಶ್ವಾಸಿಗಳು,
ವರದಿ ವಿಭಾಗ