ಡಿಸೆಂಬರ್‌ನಲ್ಲಿ ಒಂದು ವರ್ಷಕ್ಕೆ ಯಾಕೆ ಬರಕ್ಕಾಗಲ್ಲ ಅಂದ್ರೆ

ಮಿಸಿಸಾಗಾ, 15 ನವೆಂಬರ್ 2025

ಅಮ್ಮಾ, ಅಪ್ಪಾ,

ಮೊನ್ನೆ ಫೋನಲ್ಲಿ ಅಮ್ಮ ಬೇಜಾರಾಗಿದ್ದು ನಂಗೆ ಗೊತ್ತಾಯ್ತು. ಅಪ್ಪನ ಮಂಡಿ ಆಪರೇಷನ್ ಇದೆ, ಡಿಸೆಂಬರ್‌ಗೆ ಬಂದು ಒಂದು ವರ್ಷ ಇದ್ಬಿಡು, ಪಿಆರ್ ಕಾರ್ಡ್ ಇದ್ಯಲ್ಲ ಅಂತ ನೀನಂದೆ. ಕಾರ್ಡ್ ಇರೋದು ನಿಜ ಅಮ್ಮ, ಆದ್ರೆ ಕೆನಡಾದಲ್ಲಿ ಪಿಆರ್, ಅಂದ್ರೆ ಕಾಯಂ ಆಗಿ ಇರೋ ಹಕ್ಕು, ಉಳೀಬೇಕಂದ್ರೆ ಯಾವುದೇ ಐದು ವರ್ಷ ತಗೊಂಡ್ರೂ ಅದರಲ್ಲಿ 730 ದಿನ ಇಲ್ಲೇ ಇದ್ದಿರಬೇಕು.

ನಂದು ನೋಡಿ. 2021ರ ಆಗಸ್ಟ್ 10ಕ್ಕೆ ಬಂದಿಳಿದೆ, 30ಕ್ಕೆ ವಾಪಸ್ ಊರಿಗೆ ಬಂದ್ಬಿಟ್ಟೆ, ಅದು ಬರೀ 21 ದಿನ. ಮತ್ತೆ ಕೆನಡಾಗೆ ಬಂದಿದ್ದು 2024ರ ಮಾರ್ಚ್ 1ಕ್ಕೆ. ಈ ನವೆಂಬರ್ ಮುಗಿಯೋ ಹೊತ್ತಿಗೆ ಆ ಮಾರ್ಚಿಂದ 640 ದಿನ ಆಗುತ್ತೆ. ಈಗ ಹೊರಟು 2026ರ ಡಿಸೆಂಬರ್‌ಗೆ ವಾಪಸ್ ಬಂದ್ರೆ ಆಫೀಸರ್ ಅವತ್ತಿಂದ ಹಿಂದಕ್ಕೆ ಐದು ವರ್ಷ ನೋಡ್ತಾರೆ, ಆಗ ಆ ಹಳೇ 21 ದಿನ ಲೆಕ್ಕದಿಂದ ಬಿದ್ದೋಗುತ್ತೆ, ಉಳಿಯೋದು 640 ಮಾತ್ರ, 90 ದಿನ ಶಾರ್ಟ್. ಪಿಆರ್ ತಾನಾಗೇ ಹೋಗಲ್ಲ, ಆದ್ರೆ ಏರ್‌ಪೋರ್ಟಲ್ಲೇ ರಿಪೋರ್ಟ್ ಬರೆದು ದೇಶ ಬಿಡೋ ಆರ್ಡರ್ ಕೊಡಬಹುದು, ಆಮೇಲೆ ಅಪೀಲು, ವಕೀಲರು. ಅಪ್ಪನ ಆಪರೇಷನ್ ಕಾರಣ ಹೇಳಬಹುದು, ಒಪ್ಪೋದು ಬಿಡೋದು ಅವರ ಕೈಲಿದೆ. ನಾನು ಅದನ್ನ ನಂಬ್ಕೊಂಡು ಹೊರಡಲ್ಲ.

ಪಕ್ಕದ್ಮನೆ ಅಂಕಲ್ ಆರು ತಿಂಗಳಿಗೊಂದ್ಸಲ ಹೋಗಿ ಮುಖ ತೋರಿಸಿ ಬಂದ್ರೆ ಸಾಕು ಅಂದ್ರಂತಲ್ಲ, ಇಲ್ಲಿ ಹಂಗಿಲ್ಲ, ಎಷ್ಟು ಸಲ ಬಂದೆ ಅಂತ ಯಾರೂ ಕೇಳಲ್ಲ, ಒಟ್ಟು ಎಷ್ಟು ದಿನ ಇದ್ದೆ ಅನ್ನೋದೇ ಲೆಕ್ಕ. ನಾನು ಅಡುಗೆಮನೆ ಬಾಗಿಲ ಹಿಂದಿರೋ ಕ್ಯಾಲೆಂಡರ್‌ನಲ್ಲಿ ದಿನಾ ಒಂದು ಗೀಟು ಹಾಕ್ತೀನಿ.

ಅದಕ್ಕೆ ಹಿಂಗೆ ಮಾಡ್ತೀನಿ. ಆಪರೇಷನ್‌ಗೆ 15 ದಿನ ಬಂದೇ ಬರ್ತೀನಿ. ಹೊರಡೋ ದಿನ, ಬಂದಿಳಿಯೋ ದಿನ ಎರಡೂ ಇಲ್ಲಿದ್ದ ಹಂಗೇ ಲೆಕ್ಕ. ಬರದೇ ಇದ್ದಿದ್ರೆ 2024ರ ಮಾರ್ಚಿಂದಲೇ 730 ದಿನ ಫೆಬ್ರವರಿ 28ಕ್ಕೆ ತುಂಬ್ತಿತ್ತು, ಈಗ ಮಾರ್ಚ್ ಮಧ್ಯಕ್ಕೆ ಹೋಗುತ್ತೆ, ಅಷ್ಟೇ. ಆ 730 ದಿನ 2029ರ ಫೆಬ್ರವರಿವರೆಗೂ ಲೆಕ್ಕದಲ್ಲೇ ಇರುತ್ತೆ, ಹಂಗಾಗಿ 730 ತುಂಬಿದ್ಮೇಲೆ ಒಂದು ವರ್ಷ ನಿಮ್ಜೊತೆ ಇದ್ರೂ ತೊಂದ್ರೆ ಇಲ್ಲ.

ಇನ್ನೊಂದು, ನನ್ನ ಕಾರ್ಡ್ 2026ರ ಸೆಪ್ಟೆಂಬರ್‌ಗೆ ಎಕ್ಸ್‌ಪೈರ್ ಆಗುತ್ತೆ. ಕಾರ್ಡ್ ಮುಗಿದ್ರೆ ಪಿಆರ್ ಮುಗಿಯಲ್ಲ, ಆದ್ರೆ ಬೆಂಗಳೂರಲ್ಲಿ ಫ್ಲೈಟ್ ಹತ್ತಿಸಲ್ಲ, ಅಲ್ಲಿಂದ ಟ್ರಾವೆಲ್ ಡಾಕ್ಯುಮೆಂಟ್‌ಗೆ ಅಪ್ಲೈ ಮಾಡ್ಬೇಕು, ಅವರೂ ಮತ್ತೆ ಇದೇ ದಿನ ಎಣಿಸ್ತಾರೆ. ಅದಕ್ಕೆ 730 ಆದ್ಮೇಲೆ ಇಲ್ಲಿಂದಲೇ ಹೊಸ ಕಾರ್ಡ್‌ಗೆ ಹಾಕಿ, ಅದು ಕೈಗೆ ಬಂದ್ಮೇಲೇ ದೊಡ್ಡ ಟಿಕೆಟ್ ಬುಕ್ ಮಾಡ್ತೀನಿ.

ಅಮ್ಮಾ, ಬೀರು ಲಾಕರ್‌ನಲ್ಲಿ ನನ್ನ ಹಳೇ ಪಾಸ್‌ಪೋರ್ಟ್ ಇದೆ, ಅದರಲ್ಲಿ ಸೀಲ್ ಹಾಕಿರೋ ಪುಟ ಎಲ್ಲಾ ಒಂದೊಂದೇ ಫೋಟೋ ತೆಗೆದು ಕಳ್ಸು, ತಾರೀಕು ಸರಿಯಾಗಿ ಕಾಣ್ಬೇಕು.

ನಿಮ್ಮ ಮಗಳು