ಮಕ್ಕಳ ಮೊಬೈಲ್ ಸೆಟ್ಟಿಂಗ್: ಶನಿವಾರದೊಳಗೆ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಜಯನಗರದ ಬ್ಲಾಕಿನಲ್ಲಿ ಮಕ್ಕಳಿಗೆ ಫೋನ್ ಕೊಡುವ ಅಪ್ಪ ಅಮ್ಮಂದಿರಿಗೆ ಈ ಸೂಚನೆ.

ದೊಡ್ಡವರ ವಿಡಿಯೋ ಸೋಸುವ ಯೂಟ್ಯೂಬ್‌ನ Restricted Mode ಒಂದು ಕಡೆ ಹಾಕಿದರೆ ಎಲ್ಲ ಕಡೆ ಬರುವುದಿಲ್ಲ. ನಾನು ನನ್ನ ಫೋನಿನಲ್ಲಿ ಹಾಕಿ ನಿಶ್ಚಿಂತೆಯಿಂದಿದ್ದೆ. ಮಗ ಹಾಲಿನ ಟಿವಿಯಲ್ಲಿ ಎಲ್ಲವನ್ನೂ ಆರಾಮಾಗಿ ನೋಡುತ್ತಿದ್ದ! ಫೋನ್, ಟಿವಿ, ಲ್ಯಾಪ್‌ಟಾಪಿನ ಒಂದೊಂದು ಬ್ರೌಸರ್, ಎಲ್ಲದರಲ್ಲೂ ಬೇರೆ ಬೇರೆಯಾಗಿ ಹಾಕಬೇಕು. ಆನ್ ಆಗಿದೆಯಾ ಅಂತ ತಿಳಿಯಲು ಯೂಟ್ಯೂಬ್‌ನ ಒಂದು ವಿಡಿಯೋ ತೆರೆದು ನೋಡಿ. ಕಾಮೆಂಟ್‌ಗಳು ಕಾಣಿಸಬಾರದು. ಇದು ಸೋಸುತ್ತದೆ ನಿಜ, ಆದರೆ ಕೆಲವು ದೊಡ್ಡವರ ವಿಡಿಯೋ ತಪ್ಪಿಸಿಕೊಂಡು ಬರುತ್ತವೆ. ಕೆಲವು ಒಳ್ಳೆಯ ವಿಡಿಯೋಗಳೂ ಮಾಯವಾಗುತ್ತವೆ. ನೋಡುವ ಹೊತ್ತನ್ನಂತೂ ಇದು ಕಮ್ಮಿ ಮಾಡುವುದಿಲ್ಲ.

ನೋಡುವ ಹೊತ್ತಿಗಾಗಿ ಯೂಟ್ಯೂಬ್‌ನಲ್ಲಿರುವುದು Remind me to take a break. ನೀವು ಇಟ್ಟಷ್ಟು ನಿಮಿಷಕ್ಕೆ ವಿಡಿಯೋ ನಿಂತು ಪರದೆ ಮೇಲೆ ಒಂದು ಸೂಚನೆ ಬರುತ್ತದೆ. ಅದನ್ನು ತಳ್ಳಿಬಿಟ್ಟರೆ ಮತ್ತೆ ಶುರು, ಬೀಗವೇನೂ ಇಲ್ಲ. ಮಕ್ಕಳಿಗೆ ಅರ್ಧ ಸೆಕೆಂಡಿನ ಕೆಲಸ, ಅಲ್ವಾ?

ಇನ್‌ಸ್ಟಾಗ್ರಾಂನ Quiet mode ಬೇರೆಯೇ. ನೋಟಿಫಿಕೇಶನ್ ಸದ್ದು ನಿಲ್ಲುತ್ತದೆ, ಮೆಸೇಜ್ ಕಳಿಸಿದವರಿಗೆ ತಾನಾಗಿ ಉತ್ತರ ಹೋಗುತ್ತದೆ. ಆ್ಯಪ್ ಮಾತ್ರ ತೆರೆದೇ ಇರುತ್ತದೆ, ಸ್ಕ್ರೋಲ್ ಮಾಡಬಹುದು.

ಮೊದಲು ಮನೆಯ ಟಿವಿಯ ಸೆಟ್ಟಿಂಗ್ ನೋಡಿ, ಆಮೇಲೆ ಮಕ್ಕಳ ಕೈಗೆ ಸಿಗುವ ಫೋನುಗಳದ್ದು. ಗೊತ್ತಾಗದವರು ಶನಿವಾರ ಸಂಜೆ 6ಕ್ಕೆ ಫೋನ್ ಹಿಡಿದು ಕೆಳಗಿನ ಕಟ್ಟೆ ಹತ್ತಿರ ಬನ್ನಿ, ಒಟ್ಟಿಗೆ ಕೂತು ಮಾಡೋಣ. ಬರುವವರು ಶುಕ್ರವಾರದೊಳಗೆ ಇಲ್ಲೇ ಮನೆ ನಂಬರ್ ಹಾಕಿ.