ಗುಲಾಬಿಯ ಕತ್ತು ಬಾಗಿದಾಗ ತಳಿಯನ್ನು ದೂರುವ ಮುನ್ನ

ಮಾನ್ಯ ಸಂಪಾದಕರೇ,

ವಾಣಿಜ್ಯ ಪುಷ್ಪಕೃಷಿಯನ್ನು ಕುರಿತು ತಮ್ಮ ಕೃಷಿ ಪುಟದಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕೊಯ್ದ ಗುಲಾಬಿಯ ಮೊಗ್ಗು ಅರಳುವ ಮೊದಲೇ ಕತ್ತು ಬಾಗಿಸುವುದು ತಳಿಯ ದೌರ್ಬಲ್ಯವೆಂದೂ, ಹೂದಾನಿಯ ನೀರಿಗೆ ಸಕ್ಕರೆ ಬೆರೆಸುವುದೇ ಅದಕ್ಕೆ ಪರಿಹಾರವೆಂದೂ ಅದರಲ್ಲಿ ಹೇಳಲಾಗಿದೆ. ತೋಟಗಾರಿಕೆ ಓದುವ ವಿದ್ಯಾರ್ಥಿಗಳಿಗೆ ಕೊಯ್ಲೋತ್ತರ ನಿರ್ವಹಣೆಯನ್ನು ಕಲಿಸುವ ನನಗೆ, ಮೊದಲ ಮಾತು ಅರ್ಧ ಸತ್ಯವಾಗಿಯೂ ಎರಡನೆಯದು ಹಾಗೆಯೇ ಪಾಲಿಸಿದರೆ ಹಾನಿ ಮಾಡುವಂಥದ್ದಾಗಿಯೂ ಕಂಡದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಗುಲಾಬಿಯ ಕತ್ತು ಬಾಗುವುದು ಮೂಲತಃ ನೀರಿನ ಕೊರತೆಯ ಲಕ್ಷಣ. ಮೊಗ್ಗಿನ ಬುಡಕ್ಕೆ ಅಂಟಿಕೊಂಡಿರುವ ದಂಟಿನ ಭಾಗ ಎಲ್ಲಕ್ಕಿಂತ ಎಳೆಯದು. ಕೆಳಗಿನ ದಂಟಿನ ಗೋಡೆಗಳಲ್ಲಿ ಲಿಗ್ನಿನ್ ತುಂಬಿ ಅದು ಕಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ. ಕತ್ತಿನ ಭಾಗವಾದರೋ ಬಹುಮಟ್ಟಿಗೆ ಜೀವಕೋಶಗಳೊಳಗಿನ ನೀರಿನ ಒತ್ತಡದ ಬಲದಿಂದಲೇ ನೆಟ್ಟಗೆ ನಿಂತಿರುತ್ತದೆ. ಆ ಒತ್ತಡ ಇಳಿದರೆ ಮೊಗ್ಗಿನ ಭಾರವನ್ನು ಹೊರಲಾಗದೆ ಅದು ಬಾಗುತ್ತದೆ. ಕತ್ತು ಬೇಗ ಗಟ್ಟಿಯಾಗುವ ತಳಿಗಳೂ ತಡವಾಗಿ ಗಟ್ಟಿಯಾಗುವ ತಳಿಗಳೂ ಇರುವುದು ನಿಜ. ಆದರೆ ಒಂದೇ ತಳಿಯ, ಒಂದೇ ದಿನ ಕೊಯ್ದ ಎರಡು ಕಟ್ಟುಗಳಲ್ಲಿ ಒಂದು ಬಾಗಿ ಇನ್ನೊಂದು ನೆಟ್ಟಗೆ ಅರಳುವುದನ್ನು ಕಂಡವರು ಕಾರಣವನ್ನು ತಳಿಯಾಚೆಗೆ ಹುಡುಕಲೇಬೇಕಾಗುತ್ತದೆ.

ಅದನ್ನು ಕಂಡುಹಿಡಿಯಲು ಬೇಕಾಗುವುದು ಒಂದು ಸೂಕ್ಷ್ಮ ತಕ್ಕಡಿ ಮತ್ತು ಪ್ರತಿದಿನ ಒಂದೇ ಹೊತ್ತಿಗೆ ತೂಗುವ ಶಿಸ್ತು. ಹೂದಾನಿಯ ನೀರು ತಾನಾಗಿ ಆವಿಯಾಗದಂತೆ ಅದರ ಬಾಯನ್ನು ಹಾಳೆಯಿಂದ ಮುಚ್ಚಿ, ದಂಟಿಗಷ್ಟೇ ದಾರಿ ಬಿಡಬೇಕು. ಪ್ರತಿದಿನ ಹೂವನ್ನು ಹೊರತೆಗೆದು ಬುಡದ ನೀರನ್ನು ಒರೆಸಿ ತೂಗಬೇಕು, ಹೂವಿಲ್ಲದ ಹೂದಾನಿಯನ್ನೂ ಪ್ರತ್ಯೇಕವಾಗಿ ತೂಗಬೇಕು. ಹೂದಾನಿ ಎಷ್ಟು ಹಗುರಾಯಿತೋ ಅಷ್ಟು ನೀರನ್ನು ದಂಟು ಹೀರಿದೆ. ಹೀರಿದ ನೀರಿನಿಂದ ಹೂವಿನ ತೂಕದಲ್ಲಿ ಆದ ಏರಿಕೆಯನ್ನು ಕಳೆದರೆ, ಅಥವಾ ತೂಕ ಇಳಿದಿದ್ದರೆ ಆ ಇಳಿಕೆಯನ್ನು ಕೂಡಿಸಿದರೆ, ಎಲೆಗಳಿಂದ ಆವಿಯಾಗಿ ಹೋದ ನೀರು ಸಿಗುತ್ತದೆ.

ಒಂದು ಮಾದರಿ ಲೆಕ್ಕವನ್ನು ನೋಡೋಣ. ಕೊಯ್ದಾಗ 50 ಗ್ರಾಂ ಇದ್ದ ಹೂ ಮೊದಲ ದಿನ 30 ಗ್ರಾಂ ನೀರು ಹೀರಿ 51 ಗ್ರಾಂ ಆಯಿತೆಂದರೆ 29 ಗ್ರಾಂ ಆವಿಯಾಗಿದೆ; ಆದಾಯ ಖರ್ಚಿಗಿಂತ ಹೆಚ್ಚಿದೆ. ಮೂರನೆಯ ದಿನ ಅದೇ ಹೂ 12 ಗ್ರಾಂ ಮಾತ್ರ ಹೀರಿ, ತೂಕದಲ್ಲಿ 6 ಗ್ರಾಂ ಇಳಿಯಿತೆಂದುಕೊಳ್ಳಿ. ಆಗ ಆವಿಯಾದದ್ದು 18 ಗ್ರಾಂ. ಎಲೆಗಳು ಖರ್ಚನ್ನು ಬಿಗಿಹಿಡಿದಿವೆ, ಆದರೆ ಹೀರುವಿಕೆ ಅದಕ್ಕಿಂತ ವೇಗವಾಗಿ ಕುಸಿದಿದೆ. ಕತ್ತು ಬಾಗುವುದು ಈ ಹಂತದಲ್ಲಿಯೇ. ಈಗ ಬುಡದ 4 ಸೆಂಟಿಮೀಟರನ್ನು ನೀರಿನೊಳಗೇ ಕತ್ತರಿಸಿ, ಹೂವನ್ನು ಹೊಸದಾಗಿ ತೂಗಿ, ಶುದ್ಧ ನೀರಿನಲ್ಲಿ ಇಡಬೇಕು. ಮರುದಿನ ಹೀರುವಿಕೆ ಮತ್ತೆ 20 ಗ್ರಾಂ ದಾಟಿದರೆ ಅಡಚಣೆ ಬುಡದಲ್ಲೇ ಇತ್ತೆಂದು ತಿಳಿಯಬಹುದು.

ಆ ಅಡಚಣೆ ಯಾವುದೆಂಬುದನ್ನು ಕುಸಿತದ ಹೊತ್ತೇ ಬಹುತೇಕ ಹೇಳಿಬಿಡುತ್ತದೆ. ಒಣದಾಗಿ ಸಾಗಿಸಿ ತಂದ ಹೂ ನೀರಿಗೆ ಇಟ್ಟ ಮೊದಲ ಗಂಟೆಗಳಿಂದಲೇ ಸರಿಯಾಗಿ ಹೀರದಿದ್ದರೆ, ಕತ್ತರಿಸಿದ ನಾಳಗಳೊಳಗೆ ಗಾಳಿ ಸೇರಿ ನೀರಿನ ಎಳೆ ತುಂಡಾಗಿರುವ ಸಾಧ್ಯತೆ ಹೆಚ್ಚು. ಅಂಥ ಹೂವಿಗೆ ನೀರಿನೊಳಗೆ ಮರುಕತ್ತರಿಕೆಯ ಜೊತೆಗೆ, ಸಿಟ್ರಿಕ್ ಆಮ್ಲದಿಂದ ರಸಸಾರವನ್ನು 3.5ರ ಆಸುಪಾಸಿಗೆ ಇಳಿಸಿದ ನೀರು ಉಪಕಾರಿ. ಮೊದಲೆರಡು ದಿನ ಚೆನ್ನಾಗಿ ಹೀರಿ ಆಮೇಲೆ ಕುಸಿದರೆ ಬ್ಯಾಕ್ಟೀರಿಯಾಗಳನ್ನು ಶಂಕಿಸಬೇಕು. ಗಾಯಗೊಂಡ ದಂಟಿನಿಂದ ಒಸರುವ ರಸವನ್ನು ತಿಂದು ಅವು ಬೆಳೆಯುತ್ತವೆ. ಅವುಗಳ ದೇಹಗಳೂ ಅವು ಸ್ರವಿಸುವ ಲೋಳೆಯೂ ಸೇರಿ ನಾಳಗಳ ಬಾಯನ್ನು ಮುಚ್ಚುತ್ತವೆ. ನೀರು ಮಸುಕಾಗುವುದು, ಮುಟ್ಟಿದರೆ ಬುಡ ಜಾರುವುದು ಇದರ ಗುರುತು. ಆದರೆ ಹೀರುವಿಕೆ ಇಳಿಯಲು ನೀರು ಕಣ್ಣಿಗೆ ಕಾಣುವಷ್ಟು ಕೆಡಬೇಕೆಂದೇನೂ ಇಲ್ಲ.

ಸಕ್ಕರೆಯ ಸಲಹೆಯನ್ನು ನಾನು ಆಕ್ಷೇಪಿಸುವುದು ಇದೇ ಕಾರಣಕ್ಕೆ. ಎಸಳುಗಳು ಬಿಚ್ಚಿಕೊಳ್ಳಲು ಸಕ್ಕರೆ ನೆರವಾಗುತ್ತದೆ, ಸಂದೇಹವಿಲ್ಲ. ಆದರೆ ಬರಿಯ ಸಕ್ಕರೆ ನೀರು ಹೂವಿಗಿಂತ ಮೊದಲು ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಸೂಕ್ಷ್ಮಾಣುನಾಶಕದ ಜೊತೆಗಲ್ಲದೆ ಅದನ್ನು ಬಳಸಬಾರದು. ಕೊಯ್ಲಿನ ಬಕೆಟ್ಟಿನ ಮಟ್ಟಿಗೆ ಸಕ್ಕರೆಯೇ ಬೇಡ, ಸ್ವಚ್ಛತೆ ಸಾಕು. 20 ಲೀಟರ್ ನೀರಿಗೆ 50 ಪಿಪಿಎಂ ಕ್ಲೋರಿನ್ ಬೇಕೆಂದರೆ ಒಟ್ಟು 1 ಗ್ರಾಂ ಕ್ಲೋರಿನ್ ಬೇಕು. ಅಂದರೆ 5 ಶೇಕಡಾ ಸಾಮರ್ಥ್ಯದ ಬ್ಲೀಚ್ ದ್ರಾವಣ 20 ಮಿಲಿಲೀಟರ್. ಎಲೆಯ ಚೂರು, ಮಣ್ಣು ಬಿದ್ದ ನೀರಿನಲ್ಲಿ ಕ್ಲೋರಿನ್ ಬೇಗ ಖರ್ಚಾಗುವುದರಿಂದ ಬಕೆಟ್ಟನ್ನು ತಿಕ್ಕಿ ತೊಳೆದು, ದಿನವೂ ಹೊಸ ದ್ರಾವಣ ಮಾಡಬೇಕು. ಇದಕ್ಕೆ ಆಮ್ಲವನ್ನು ಎಂದಿಗೂ ಬೆರೆಸಬಾರದು, ವಿಷಾನಿಲ ಹೊರಡುತ್ತದೆ. ಆಮ್ಲದ ನೀರು ಬೇಕಾದವರು ಅದನ್ನು ಬೇರೆಯೇ ಪಾತ್ರೆಯಲ್ಲಿ, ಅದೂ ಪ್ಲಾಸ್ಟಿಕ್ ಪಾತ್ರೆಯಲ್ಲಿ ಸಿದ್ಧಪಡಿಸಿಕೊಳ್ಳಬೇಕು.

ಮರುಕತ್ತರಿಕೆಯಿಂದ ಏನೂ ಪ್ರಯೋಜನವಾಗದ ಹೂಗಳೂ ಇವೆ, ಮತ್ತು ಕಲಿಯುವವರಿಗೆ ಹೆಚ್ಚು ತಿಳಿವಳಿಕೆ ನೀಡುವುವು ಅವೇ. ಹೀರುವಿಕೆ ಚೆನ್ನಾಗಿದ್ದೂ ತೂಕ ಇಳಿಯುತ್ತಿದ್ದರೆ ತಪ್ಪು ಖರ್ಚಿನ ಕಡೆ ಇದೆ. ಅಂಥ ಹೂವನ್ನು ಕತ್ತಲೆಯಲ್ಲಿಟ್ಟು ತೂಗಿ ನೋಡಬೇಕು. ಆರೋಗ್ಯವಂತ ಎಲೆಯ ಪತ್ರರಂಧ್ರಗಳು ಕತ್ತಲೆಯಲ್ಲಿ ಮುಚ್ಚಿಕೊಂಡು ನೀರಿನ ನಷ್ಟ ತೀವ್ರವಾಗಿ ಇಳಿಯಬೇಕು. ಇಳಿಯದಿದ್ದರೆ ದೋಷ ಹುಟ್ಟಿದ್ದು ಹಸಿರುಮನೆಯಲ್ಲಿ. ಗಾಳಿಯ ಆರ್ದ್ರತೆ ಹಗಲಿರುಳೂ 85–90 ಶೇಕಡಾಕ್ಕಿಂತ ಮೇಲೆ ಇರುವಲ್ಲಿ ಬೆಳೆದ ಗುಲಾಬಿ ಎಲೆಗಳ ರಂಧ್ರಗಳು ಸರಿಯಾಗಿ ಮುಚ್ಚಿಕೊಳ್ಳುವ ಶಕ್ತಿಯನ್ನೇ ಬೆಳೆಸಿಕೊಂಡಿರುವುದಿಲ್ಲ. ಕೊಯ್ಲಿನ ಬಳಿಕ ಯಾವ ದ್ರಾವಣವೂ ಇದನ್ನು ಸರಿಪಡಿಸದು. ಎಲೆ ಬೆಳೆಯುತ್ತಿರುವಾಗಲೇ ಗಾಳಿಯಾಡಿಸಿ ಆರ್ದ್ರತೆಯನ್ನು ಇಳಿಸಿರಬೇಕು. ಉತ್ಪಾದನೆ ಮತ್ತು ಕೊಯ್ಲೋತ್ತರ ನಿರ್ವಹಣೆಯನ್ನು ಎರಡು ಬೇರೆ ಅಧ್ಯಾಯಗಳಾಗಿ ಓದಿಸುವಾಗ ಈ ಕೊಂಡಿ ಕಳಚಿಹೋಗುತ್ತದೆ ಎಂಬುದು ನನ್ನ ನಿಜವಾದ ಕಳವಳ.

ತೀರಾ ಬಿಗಿಯಾದ ಮೊಗ್ಗನ್ನು ಕೊಯ್ದರೂ ಹೀಗೆಯೇ ಆಗುತ್ತದೆ: ಕತ್ತು ಗಟ್ಟಿಯಾಗಿರುವುದಿಲ್ಲ, ಸಣ್ಣ ಕೊರತೆಗೂ ಬಾಗುತ್ತದೆ. ಹಸಿರು ಹೊರದಳಗಳು ಕೆಳಕ್ಕೆ ಮಡಚಿ, ಹೊರಗಿನ ಒಂದೆರಡು ಎಸಳು ಬಿಚ್ಚತೊಡಗಿದ ಹಂತವೇ ಹೆಚ್ಚಿನ ತಳಿಗಳಿಗೆ ತಕ್ಕದ್ದು. ಕೊಯ್ದ ಬಳಿಕ ನೀರು ಕುಡಿಸಿ 0.5ರಿಂದ 2 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಹೂವಿನ ಉಸಿರಾಟ, ನೀರಿನ ನಷ್ಟ, ಬ್ಯಾಕ್ಟೀರಿಯಾಗಳ ವೃದ್ಧಿ ಮೂರೂ ಒಟ್ಟಿಗೇ ನಿಧಾನವಾಗುತ್ತವೆ.

ತಕ್ಕಡಿಯ ಲೆಕ್ಕಕ್ಕೂ ಮಿತಿಯಿದೆ. ಕಾರ್ನೇಷನ್‌ನ ಎಸಳುಗಳು ಒಳಕ್ಕೆ ಸುರುಳಿಕೊಂಡು ಹೂ ನಿದ್ದೆ ಹೋದಂತೆ ಮುದುಡುವುದು ಎಥಿಲೀನ್ ಅನಿಲದಿಂದ; ಅದಕ್ಕೆ ಸಿಲ್ವರ್ ಥಯೋಸಲ್ಫೇಟ್‌ನಂಥ ಬೇರೆಯೇ ಉಪಚಾರ ಬೇಕು. ಗುಲಾಬಿಯ ಎಸಳಿನ ಮೇಲೆ ಕಂದು ಚುಕ್ಕೆಯಾಗಿ ತೊಡಗುವ ಬೊಟ್ರೈಟಿಸ್ ಶಿಲೀಂಧ್ರವನ್ನು ಕಣ್ಣಿನಿಂದಲೇ ಪತ್ತೆಮಾಡಬೇಕು.

ಹೂ ಎಷ್ಟು ದಿನ ಬಾಳಿತೆಂಬ ಒಂದೇ ಅಂಕಿಯನ್ನು ಪ್ರಾಯೋಗಿಕ ಪುಸ್ತಕದಲ್ಲಿ ಬರೆಸುವ ರೂಢಿ ಹಲವೆಡೆ ಇದೆ. ಆ ಅಂಕಿ ಫಲಿತಾಂಶವನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ. ಹೀರಿದ ನೀರು, ಆವಿಯಾದ ನೀರು, ಹೂವಿನ ತೂಕ ಎಂಬ ಮೂರು ಅಂಕಣಗಳನ್ನು ಅದಕ್ಕೆ ಸೇರಿಸಬೇಕೆಂದು ಸಹೋದ್ಯೋಗಿ ಬೋಧಕರನ್ನೂ, ಇಂಥ ಒಂದು ಲೆಕ್ಕವನ್ನು ಮಾದರಿಯಾಗಿ ಮುಂದಿನ ಕೃಷಿ ಪುಟದಲ್ಲಿ ಪ್ರಕಟಿಸಬೇಕೆಂದು ತಮ್ಮನ್ನೂ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪುಷ್ಪಕೃಷಿ ಬೋಧಕ